ನೆಲ ಕುಸಿಯದಂತೆ ಪಾಯಕ್ಕೆ ಮಣ್ಣು ತುಂಬುವುದು: ಎರೆ ಸೀಮೆಯ ಮನೆಗಳಿಗೆ ಹಂತ ಹಂತದ ಮಾರ್ಗದರ್ಶಿ

ವಿಜಯಪುರದ ಸುತ್ತಮುತ್ತ ಹೊಸ ಮನೆ ಕಟ್ಟಿಸಿದವರು ನನ್ನನ್ನು ಕರೆಸಿ ತೋರಿಸುವ ಜಾಗ ಹೆಚ್ಚುಕಡಿಮೆ ಒಂದೇ. ಗೋಡೆಗೆ ಅಂಟಿಸಿದ ಸ್ಕರ್ಟಿಂಗ್ ಇದ್ದಲ್ಲೇ ಇರುತ್ತದೆ, ಅದರ ಬುಡದ ಟೈಲ್ಸ್ ಮಾತ್ರ ಬೆರಳು ತೂರುವಷ್ಟು ಕೆಳಗಿಳಿದಿರುತ್ತದೆ. ಯಜಮಾನರು ಗಾಬರಿಯಿಂದ ಕೇಳುತ್ತಾರೆ: "ಪಾಯ ಕುಸಿಯಿತೇ?" ಗೋಡೆಯಲ್ಲಿ ಬಿರುಕಿಲ್ಲದೆ ನೆಲವಷ್ಟೇ ಇಳಿದಿದ್ದರೆ ಪಾಯ ಕುಸಿದಿಲ್ಲ. ಗೋಡೆಯ ಭಾರ ಪಾಯದ ಮೇಲೆ ನಿಂತಿದೆ. ನೆಲದ ಭಾರ ನಿಂತಿರುವುದು ನಾಲ್ಕು ಗೋಡೆಗಳ ನಡುವೆ ತುಂಬಿದ ಮಣ್ಣಿನ ಮೇಲೆ. ಆ ಮಣ್ಣು ಕೂತಿದೆ, ಅದರ ಜೊತೆ ನೆಲವೂ ಕೂತಿದೆ.

ಇದು ಮಣ್ಣು ತುಂಬುವ ಎರಡು ಮೂರು ದಿನಗಳಲ್ಲಿ ಆಗುವ ತಪ್ಪು. ಆ ದಿನಗಳಲ್ಲಿ ಸ್ಥಳದಲ್ಲಿ ಯಾರೂ ನಿಂತಿರುವುದಿಲ್ಲ. ಸ್ಲ್ಯಾಬ್ ಹಾಕುವ ದಿನ ಊರಿಗೆ ಊರೇ ಬಂದಿರುತ್ತದೆ, ಮಣ್ಣು ಸುರಿಯುವ ದಿನ ಟ್ರ್ಯಾಕ್ಟರ್ ಓಡಿಸುವವನೊಬ್ಬನೇ.

## ಒಂದು ಕೋಣೆಯ ಕಥೆ, ಮೊದಲಿಗೆ

ಬಸವನ ಬಾಗೇವಾಡಿ ಕಡೆಯ ಒಂದು ಊರಿನಲ್ಲಿ ಒಬ್ಬ ಮಾಸ್ತರರ ಮನೆ. ಬಚ್ಚಲಿಗೆ ತಗುಲಿಕೊಂಡಿದ್ದ ಕೋಣೆಯ ಒಳ ಅಳತೆ 12 ಅಡಿಗೆ 10 ಅಡಿ, ಒಳಗೆ ತುಂಬಿದ ಮಣ್ಣಿನ ಎತ್ತರ ಎರಡೂವರೆ ಅಡಿ. ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಬಚ್ಚಲ ಕಡೆಯ ಮೂಲೆ ಒಂದೂಕಾಲು ಇಂಚು ಇಳಿದಿತ್ತು. ಗೋಡೆಯಿಂದ ಸುಮಾರು ಒಂದೂಕಾಲು ಅಡಿ ಒಳಗೆ, ಗೋಡೆಗೆ ಸಮಾನಾಂತರವಾಗಿ, ಟೈಲ್ಸ್ ಮೇಲೆ ಒಂದು ಬಿರುಕು ಗೆರೆ ಎಳೆದಂತೆ ಓಡಿತ್ತು.

ಆ ಗೆರೆ ಅಲ್ಲಿಯೇ ಏಕೆ? ಪಾಯಕ್ಕಾಗಿ ಅಗೆದ ಗುಂಡಿಯ ಅಂಚು ಸರಿಯಾಗಿ ಅಲ್ಲಿಗೆ ಮುಗಿಯುತ್ತಿತ್ತು. ಗೆರೆಯಿಂದಾಚೆ, ಕೋಣೆಯ ನಡುವೆ, ತುಂಬಿದ ಎರಡೂವರೆ ಅಡಿ ಮಣ್ಣಿನ ಕೆಳಗೆ ಮುಟ್ಟದ ಗಟ್ಟಿ ನೆಲವಿತ್ತು. ಗೆರೆಯಿಂದೀಚೆ, ಗೋಡೆಯ ಪಕ್ಕದಲ್ಲಿ, ಅದೇ ಎರಡೂವರೆ ಅಡಿಯ ಕೆಳಗೆ ಇನ್ನೂ ನಾಲ್ಕು ಅಡಿ ಸಡಿಲ ಮಣ್ಣಿತ್ತು. ಮಣ್ಣು ಆಳವಿದ್ದಷ್ಟೂ ಹೆಚ್ಚು ಕೂರುತ್ತದೆ. ನಡುವಿನ ನೆಲ ಸ್ವಲ್ಪ ಇಳಿಯಿತು, ಅಂಚಿನ ನೆಲ ಬಹಳ ಇಳಿಯಿತು, ಎರಡರ ಗಡಿಯಲ್ಲಿ ಕಾಂಕ್ರೀಟು ಮುರಿಯಿತು.

ನಾಲ್ಕು ಟೈಲ್ಸ್ ಕಿತ್ತು, ಕೆಳಗಿನ ಕಾಂಕ್ರೀಟು ಒಡೆದು ನೋಡಿದೆವು. ಕಾಂಕ್ರೀಟಿಗೂ ಮಣ್ಣಿಗೂ ನಡುವೆ ಒಂದು ಇಂಚು ಖಾಲಿ ಜಾಗ. ಮೇಲಿನ ಆರಿಂಚು ಮಣ್ಣು ಗುದ್ದಲಿಗೆ ಬಗ್ಗದಷ್ಟು ಗಟ್ಟಿ. ಅದರ ಕೆಳಗೆ 10 ಮಿಲಿಮೀಟರ್ ಕಬ್ಬಿಣದ ಸರಳು ಕೈಯಲ್ಲಿ ಒತ್ತಿದರೆ ಮೊಣಕೈವರೆಗೆ ಇಳಿಯಿತು. ಗರಸಿನ ನಡುವೆ ತೆಂಗಿನಕಾಯಿ ಗಾತ್ರದ ಎರೆಮಣ್ಣಿನ ಹೆಂಟೆಗಳಿದ್ದವು, ಹೆಂಟೆಗಳ ನಡುವೆ ಗಾಳಿ. ಮೇಲೆ ಕಲ್ಲು, ಒಳಗೆ ಹತ್ತಿ.

ಗೌಂಡಿಯನ್ನು ಕೇಳಿದಾಗ ಅವರು ಅಂದದ್ದು: "ಎರಡು ದಿನ ಕೆರೆ ತುಂಬಿದ ಹಾಗೆ ನೀರು ನಿಲ್ಲಿಸಿದ್ದೆವು ಸಾಹೇಬರೆ, ಕೂರದೆ ಎಲ್ಲಿಗೆ ಹೋಗುತ್ತದೆ?" ಅವರು ಸುಳ್ಳು ಹೇಳಿರಲಿಲ್ಲ. ನೀರು ನಿಲ್ಲಿಸಿದ್ದರು, ಅಷ್ಟನ್ನೇ ಮಾಡಿದ್ದರು.

## ನೀರು ನಿಲ್ಲಿಸಿದರೆ ಸಾಲದೇಕೆ

ಮಣ್ಣು ಎಂದರೆ ಕಣಗಳು ಮತ್ತು ಕಣಗಳ ನಡುವಿನ ಖಾಲಿ ಜಾಗ. ಗಟ್ಟಿ ಮಾಡುವುದೆಂದರೆ ಪೆಟ್ಟು ಕೊಟ್ಟು ಆ ಗಾಳಿಯನ್ನು ಹೊರಗೆ ಹಾಕುವುದು. ಪೆಟ್ಟಿಗೆ ಕಣಗಳು ಜಾರಿ ಒಂದರ ಸಂದಿಯಲ್ಲಿ ಇನ್ನೊಂದು ಕೂರಬೇಕಾದರೆ ತುಸು ತೇವ ಬೇಕು. ನೀರಿನ ಕೆಲಸ ಅಷ್ಟೇ. ನೀರು ಹೆಚ್ಚಾದರೆ ಗಾಳಿಯಿದ್ದ ಜಾಗವನ್ನು ಅದೇ ಆಕ್ರಮಿಸುತ್ತದೆ. ನೀರು ಒತ್ತಿದರೆ ಕುಗ್ಗುವುದಿಲ್ಲ, ಆದ್ದರಿಂದ ಪೆಟ್ಟು ಎಷ್ಟು ಬಿದ್ದರೂ ಮಣ್ಣು ಅಲುಗಾಡುತ್ತದೆಯೇ ಹೊರತು ಗಟ್ಟಿಯಾಗುವುದಿಲ್ಲ.

ಬರಿಯ ಉಸುಕನ್ನು ನೀರು ಬಿಟ್ಟು ಒಂದು ಮಟ್ಟಿಗೆ ಕೂರಿಸಬಹುದು, ಏಕೆಂದರೆ ನೀರು ಬೇಗ ಇಳಿದು ಹೋಗುತ್ತದೆ. ಜಿಗುಟು ಇರುವ ಗರಸಿನಲ್ಲಿ ಹಾಗಾಗುವುದಿಲ್ಲ. ನೀರು ನುಣುಪು ಮಣ್ಣನ್ನು ಹೊತ್ತು ತಂದು ಮೇಲಿನ ಕೆಲವು ಇಂಚುಗಳಲ್ಲಿ ಕೆನೆಗಟ್ಟಿಸುತ್ತದೆ. ಒಣಗಿದ ಮೇಲೆ ಆ ಕೆನೆ ಹಿಮ್ಮಡಿಯಿಂದ ಒದ್ದರೂ ಠಣ್ ಎನ್ನುತ್ತದೆ. ಅದರ ಕೆಳಗಿನ ಹೆಂಟೆಗಳು ಮೊದಲಿದ್ದಂತೆಯೇ ಇರುತ್ತವೆ. ಒಂದು ದಿನ ಬಚ್ಚಲ ಕೊಳವೆ ಸೋರಿದಾಗ, ಅಥವಾ ಭಾದ್ರಪದದ ಮಳೆಯ ತೇವ ಪಾಯದ ಕೆಳಗಿನಿಂದ ಹತ್ತಿದಾಗ, ಹೆಂಟೆಗಳು ಕರಗಿ ತಮ್ಮ ನಡುವಿನ ಖಾಲಿ ಜಾಗಕ್ಕೆ ಬೀಳುತ್ತವೆ. ಎರಡೂವರೆ ಅಡಿ ಎಂದರೆ 30 ಇಂಚು. ನೂರಕ್ಕೆ ಬರಿಯ 3 ಅಥವಾ 4ರಷ್ಟು ಕುಗ್ಗಿದರೂ ಒಂದು ಇಂಚು ಹೋಯಿತು. ಟೈಲ್ಸ್ ಒಡೆಯಲು ಅದರ ಅರ್ಧವೂ ಬೇಡ.

ತುಂಬಿದ ಮೇಲೆ ಒಂದು ದಿನ ನೀರು ನಿಲ್ಲಿಸಿ, ಆರಿದ ಮೇಲೆ ಮತ್ತೆ ಬಡಿಯುವ ಪದ್ಧತಿ ಸರಕಾರಿ ಕಾಮಗಾರಿಗಳಲ್ಲಿಯೂ ಇದೆ. ಆದರೆ ಅದು ಪದರ ಪದರವಾಗಿ ದಮ್ಮಸು ಹಾಕಿದ ನಂತರದ ಕೊನೆಯ ಪರೀಕ್ಷೆ. ಮೊದಲಿನದನ್ನು ಬಿಟ್ಟು ಕೊನೆಯದನ್ನಷ್ಟೇ ಮಾಡುವುದು ನಮ್ಮ ಕಡೆಯ ರೂಢಿಯಾಗಿಬಿಟ್ಟಿದೆ. ಕೆಳಗೆ ಎರೆ ಇರುವಲ್ಲಿ ನಾನು ಆ ಕೊನೆಯದನ್ನೂ ಮಾಡಿಸುವುದಿಲ್ಲ. ಕೋಣೆಯಲ್ಲಿ ನಿಲ್ಲಿಸಿದ ನೀರು ಎರೆಗೆ ಇಳಿದು ಅದನ್ನು ಉಬ್ಬಿಸುತ್ತದೆ.

## ಹಂತ 1: ಮಣ್ಣನ್ನು ಆರಿಸಿಕೊಳ್ಳುವುದು

ಪಾಯ ಅಗೆದಾಗ ಬಂದ ಎರೆಮಣ್ಣು ಮನೆಯ ಒಳಗೆ ಹೋಗಕೂಡದು. ಇದರಲ್ಲಿ ರಾಜಿಯಿಲ್ಲ. ಎರೆ ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಎಷ್ಟೇ ಗಟ್ಟಿಯಾಗಿ ಬಡಿದರೂ ಈ ಗುಣ ಹೋಗುವುದಿಲ್ಲ, ಬಿಗಿಯಾಗಿ ಬಡಿದ ಒಣ ಎರೆ ನೀರು ಕುಡಿದಾಗ ಇನ್ನೂ ಜೋರಾಗಿ ಎತ್ತುತ್ತದೆ. "ಇರುವ ಮಣ್ಣು ಬಿಟ್ಟು ಹೊರಗಿನಿಂದ ಏಕೆ ತರಬೇಕು" ಎಂಬ ಮಾತು ಬರುತ್ತದೆ, ಬರಲಿ. ಆ ಮಣ್ಣನ್ನು ಹೊಲಕ್ಕೆ ಸಾಗಿಸಿ, ಅಲ್ಲಿ ಅದಕ್ಕೆ ಬೆಲೆಯಿದೆ.

ಬೇಕಾದದ್ದು ಗರಸು. ಗರಸಿನಲ್ಲಿಯೂ ಒಳ್ಳೆಯದು ಕೆಟ್ಟದ್ದು ಇದೆ. ಒಂದು ಹಿಡಿ ತೆಗೆದುಕೊಂಡು ನೀರಲ್ಲಿ ಕಲಸಿ ಅಂಗೈಯಲ್ಲಿ ಉಜ್ಜಿ. ಹರಳು ಕೈಗೆ ತಾಗಬೇಕು, ಜೊತೆಗೆ ಹರಳನ್ನು ಹಿಡಿದಿಡುವಷ್ಟು ಜಿಗುಟೂ ಇರಬೇಕು. ಉಜ್ಜಿದ ಕೈ ತೊಳೆದರೂ ಎಣ್ಣೆಯಂತೆ ಜಾರಿದರೆ ಜಿಗುಟು ಹೆಚ್ಚು. ಬರಿಯ ಹರಳೇ ಇದ್ದರೆ ಅದು ನೀರನ್ನು ಹಿಡಿಯುವುದಿಲ್ಲ, ಕೆಳಗಿನ ಎರೆಗೆ ದಾಟಿಸುತ್ತದೆ. ಇದೇ ಕಾರಣಕ್ಕೆ ಎರೆಯ ಮೇಲೆ ಬರಿಯ ಉಸುಕು ತುಂಬುವುದೂ ತಪ್ಪು. ಎರಡು ಇಂಚಿಗಿಂತ ದೊಡ್ಡ ಕಲ್ಲು, ಬೇರು, ಹಳೆಯ ಮನೆ ಕೆಡವಿದ ಇಟ್ಟಿಗೆ ಚೂರು, ಸಿಮೆಂಟಿನ ಖಾಲಿ ಚೀಲ ಎಲ್ಲವನ್ನೂ ಆರಿಸಿ ತೆಗೆಯಿಸಿ. ಚೀಲ ಕೊಳೆತ ಜಾಗದಲ್ಲಿ ಚೀಲದಷ್ಟೇ ಖಾಲಿ ಉಳಿಯುತ್ತದೆ.

ಖಾನಾಪುರದ ಕಡೆ ಕೆಂಪು ಮಣ್ಣಿನ ಸೀಮೆಯಲ್ಲಿರುವವರಿಗೆ ಈ ತಾಪತ್ರಯ ಕಡಿಮೆ. ಅಗೆದದ್ದೇ ತುಂಬಲು ಬರಬಹುದು. ಮುಂದಿನ ಹಂತಗಳು ಮಾತ್ರ ಅವರಿಗೂ ಒಂದೇ.

ನಿವೇಶನದಲ್ಲಿ ಎರೆ ಎಷ್ಟು ಆಳವಿದೆ ಎಂಬುದು ಪಾಯ ಅಗೆದಾಗಲೇ ಕಣ್ಣಿಗೆ ಕಂಡಿರುತ್ತದೆ. ಎರಡು ಮೂರು ಅಡಿಗೇ ಗರಸು ಸಿಕ್ಕಿದ್ದರೆ ಕೋಣೆಯೊಳಗಿನ ಎರೆಯನ್ನು ಪೂರ್ತಿ ತೆಗೆಸಿಬಿಡಿ. ಅದಕ್ಕಿಂತ ಆಳವಿದ್ದರೆ ಎಷ್ಟು ತೆಗೆಯಬೇಕು, ಮೇಲೆ ಎಷ್ಟು ದಪ್ಪ ಗರಸು ಬೇಕು ಎಂಬುದನ್ನು ಮಣ್ಣು ಪರೀಕ್ಷೆ ಮಾಡಿಸಿ ಎಂಜಿನಿಯರರೇ ಹೇಳಬೇಕು.

## ಹಂತ 2: ಬ್ರಾಸ್ ಲೆಕ್ಕ

ಈ ಹಂತವನ್ನು ಯಾರೂ ಮಾಡುವುದಿಲ್ಲ. ಮನೆಯ ಯಜಮಾನರು ಮೋಸ ಹೋಗದಿರಲು ಇದಕ್ಕಿಂತ ಸುಲಭದ ಸಾಧನ ಇನ್ನೊಂದಿಲ್ಲ.

ಟ್ರಾಲಿಯಲ್ಲಿ ಬರುವ ಗರಸು ಸಡಿಲ ಗರಸು. ಎಂಟು ಇಂಚು ದಪ್ಪಕ್ಕೆ ಹರಡಿದ ಸಡಿಲ ಗರಸು ಚೆನ್ನಾಗಿ ಬಡಿದ ಮೇಲೆ ಸುಮಾರು ಆರು ಆರೂವರೆ ಇಂಚಿಗೆ ಇಳಿಯುತ್ತದೆ. ಅಂದರೆ ತುಂಬಬೇಕಾದ ಜಾಗಕ್ಕಿಂತ ಕಾಲುಭಾಗದಿಂದ ಮೂರನೆಯ ಒಂದು ಭಾಗದಷ್ಟು ಹೆಚ್ಚು ಮಣ್ಣು ಹಿಡಿಯಬೇಕು. ಹಿಡಿಯದಿದ್ದರೆ ಅದು ಗಟ್ಟಿಯಾಗಿಲ್ಲ.

ಮಾಸ್ತರರ ಕೋಣೆಯನ್ನೇ ನೋಡಿ. 12 ಗುಣಿಸು 10 ಗುಣಿಸು ಎರಡೂವರೆ, ಒಟ್ಟು 300 ಘನ ಅಡಿ, ಅಂದರೆ 3 ಬ್ರಾಸ್. ಟ್ರಾಲಿಯ ಒಳ ಅಳತೆ 10 ಅಡಿ ಉದ್ದ, 6 ಅಡಿ ಅಗಲ, 1 ಮುಕ್ಕಾಲು ಅಡಿ ಎತ್ತರ, ಅಂದರೆ 105 ಘನ ಅಡಿ. ಆ ಕೋಣೆಗೆ ಹಾಕಿದ್ದು ಮೂರು ಟ್ರಾಲಿ ಎಂದು ಮಾಸ್ತರರ ವಹಿಯಲ್ಲಿ ಬರೆದಿತ್ತು. 315 ಘನ ಅಡಿ ಸಡಿಲ ಮಣ್ಣು 300 ಘನ ಅಡಿ ಜಾಗವನ್ನು ತುಂಬಿದೆ. ಕನಿಷ್ಠ 375 ಹಿಡಿಯಬೇಕಿತ್ತು. ಕಾಂಕ್ರೀಟು ಒಡೆಯುವ ಮೊದಲೇ ಆ ವಹಿ ನೋಡಿದ್ದರೆ ಕೆಳಗೇನಿದೆ ಎಂದು ಹೇಳಬಹುದಿತ್ತು.

ಆದ್ದರಿಂದ ಮೊದಲ ಟ್ರಾಲಿ ಬಂದಾಗಲೇ ಅದರ ಒಳಗನ್ನು ಟೇಪಿನಿಂದ ಅಳೆಯಿರಿ. "ಒಂದು ಬ್ರಾಸ್" ಎಂದು ಮಾರುವ ಎಲ್ಲ ಟ್ರಾಲಿಗಳಲ್ಲಿ 100 ಘನ ಅಡಿ ಇರುವುದಿಲ್ಲ. ಪ್ರತಿ ಕೋಣೆಗೆ ಎಷ್ಟು ಹೋಯಿತು ಎಂದು ಬೇರೆ ಬೇರೆ ಬರೆದಿಡಿ. ಗುಂಡಿಯ ಭಾಗಕ್ಕೆ ಹೋದದ್ದನ್ನು ಕೋಣೆಯ ಲೆಕ್ಕಕ್ಕೆ ಸೇರಿಸಬೇಡಿ, ಸೇರಿಸಿದರೆ ಕೊರತೆ ಮುಚ್ಚಿಹೋಗುತ್ತದೆ.

## ಹಂತ 3: ಗೋಡೆಗೂ ಗುಂಡಿಯ ಅಂಚಿಗೂ ನಡುವಿನ ಸಂದಿ

ಪಾಯದ ಕಲ್ಲುಕಟ್ಟಡ ಮುಗಿದ ಮೇಲೆ ಕನಿಷ್ಠ 7 ದಿನ ನೀರುಣಿಸಿ, ಆಮೇಲೆ ಮಣ್ಣು ಮುಟ್ಟಿ. ಹಸಿ ಗಾರೆಯ ಗೋಡೆಯನ್ನು ದಮ್ಮಸಿನ ಪೆಟ್ಟು ಪಕ್ಕಕ್ಕೆ ತಳ್ಳುತ್ತದೆ.

ಸಂದಿಯಲ್ಲಿ ಬಿದ್ದಿರುವ ಕಲ್ಲಿನ ಚಕ್ಕೆ, ಗಾರೆಯ ಉಂಡೆ, ಹಲಗೆ ತುಂಡು, ನಿಂತ ನೀರು, ಕೆಸರು ಎಲ್ಲವನ್ನೂ ಎತ್ತಿಸಿ. ಕೆಸರಿನ ಮೇಲೆ ಹಾಕಿದ ಮೊದಲ ಪದರ ಎಂದೂ ಗಟ್ಟಿಯಾಗುವುದಿಲ್ಲ, ಅದರ ಮೇಲಿನವೂ ಅಷ್ಟೇ.

ಈ ಸಂದಿ ಸಾಮಾನ್ಯವಾಗಿ ಒಂದು ಅಡಿಯ ಆಸುಪಾಸು ಅಗಲ. ತಟ್ಟೆಯಂತೆ ನಡುಗುವ ಪ್ಲೇಟ್ ಕಂಪ್ಯಾಕ್ಟರ್ ಇಲ್ಲಿಗೆ ಇಳಿಯದು. ಜಿಗಿದು ಬಡಿಯುವ ರ‍್ಯಾಮರ್ ಯಂತ್ರ ಇಳಿಯಬಹುದು. ಅದೂ ಹಿಡಿಸದಿದ್ದರೆ ಉದ್ದ ಹಿಡಿಯ, 7 ರಿಂದ 8 ಕಿಲೋ ತೂಕದ ಕಬ್ಬಿಣದ ದಮ್ಮಸು. ಕೈದಮ್ಮಸಾದರೆ ಪದರ ನಾಲ್ಕು ಇಂಚಿಗಿಂತ ದಪ್ಪ ಬೇಡ. ಜೆಸಿಬಿಯಿಂದ ಒಂದೇ ಸಲ ತಳ್ಳಿ ಮುಚ್ಚಿದರೆ ಮೇಲಿನಿಂದ ಎಷ್ಟು ಬಡಿದರೂ ಪೆಟ್ಟು ಮೊದಲ ಅರ್ಧ ಅಡಿಯನ್ನು ದಾಟುವುದಿಲ್ಲ. ಮೇಲೆ ಹೇಳಿದ ಬಿರುಕಿನ ಗೆರೆ ಹುಟ್ಟುವುದು ಇಲ್ಲಿಯೇ, ಆದ್ದರಿಂದ ನೀವು ಒಂದೇ ದಿನ ಸ್ಥಳದಲ್ಲಿ ನಿಲ್ಲಲು ಸಾಧ್ಯವೆಂದಾದರೆ ಈ ದಿನ ನಿಲ್ಲಿ.

ಗೋಡೆಯ ಒಳಗೂ ಹೊರಗೂ ಸರಿಸಮನಾಗಿ ಏರಿಸಿಕೊಂಡು ಬನ್ನಿ. ಒಳಗೆ ಮೂರು ಅಡಿ ತುಂಬಿ ಹೊರಗೆ ಗುಂಡಿ ಖಾಲಿ ಬಿಟ್ಟರೆ ಗೋಡೆ ಹೊರಕ್ಕೆ ಹೊಟ್ಟೆ ಬಿಡುತ್ತದೆ.

## ಹಂತ 4: ಪದರ, ತೇವ, ಪೆಟ್ಟು

ಕೋಣೆಯೊಳಗೆ ಮೊದಲು ಹುಲ್ಲು, ಬೇರು ಇರುವ ಮೇಲ್ಮಣ್ಣನ್ನು ಅರ್ಧ ಅಡಿ ಕೆರೆದು ತೆಗೆದು, ಆ ನೆಲವನ್ನೇ ಒಮ್ಮೆ ಬಡಿಯಿರಿ. ನಂತರ ಒಳಗೋಡೆಯ ನಾಲ್ಕೂ ಮೂಲೆಯಲ್ಲಿ, ಬಡಿದ ನೆಲದಿಂದ ಆರಿಂಚು ಮೇಲೆ, ಸುಣ್ಣದ ಕಡ್ಡಿಯಿಂದ ಗೆರೆ ಎಳೆಯಿರಿ. ಸಡಿಲ ಮಣ್ಣನ್ನು ಆ ಗೆರೆಯವರೆಗೆ ಹರಡಬೇಕು, ಬಡಿಯಬೇಕು, ಗೆರೆಯಿಂದ ಒಂದು ಇಂಚಿಗಿಂತ ತುಸು ಹೆಚ್ಚು ಕೆಳಗಿಳಿದದ್ದನ್ನು ನೋಡಬೇಕು, ಆಮೇಲೆ ಬಡಿದ ಮಟ್ಟದಿಂದ ಮತ್ತೆ ಆರಿಂಚು ಮೇಲೆ ಗೆರೆ ಎಳೆದು ಮುಂದಿನ ಪದರ. ಬಾಡಿಗೆಗೆ ಸಿಗುವ 80 ರಿಂದ 100 ಕಿಲೋ ತೂಕದ ಪ್ಲೇಟ್ ಕಂಪ್ಯಾಕ್ಟರಿಗೆ ಆರಿಂಚು ಸರಿಯಾದ ಮೇಲ್ಮಿತಿ. ಕೈದಮ್ಮಸಾದರೆ ಇಲ್ಲಿಯೂ ನಾಲ್ಕೇ ಇಂಚು.

ಟ್ರಾಲಿಯನ್ನು ಒಂದೇ ಮೂಲೆಯಲ್ಲಿ ಗುಡ್ಡೆ ಹಾಕಿ ನಾಳೆ ಹರಡಿದರಾಯಿತು ಎನ್ನಬಾರದು. ಗುಡ್ಡೆಯ ಬುಡ ಹಾಗೆಯೇ ಉಳಿದು, ಅದರ ಮೇಲೆಯೇ ಪದರ ಬೀಳುತ್ತದೆ.

ತೇವವನ್ನು ಮಣ್ಣು ಹರಡುವ ಮೊದಲೇ, ಹೊರಗಿನ ರಾಶಿಯ ಮೇಲೆ ನೀರು ಚಿಮುಕಿಸಿ, ಸಲಿಕೆಯಿಂದ ಒಮ್ಮೆ ಮಗುಚಿ ಕೊಡುವುದು ಉತ್ತಮ. ಹಿಂದಿನ ಸಂಜೆ ನೆನೆಸಿಟ್ಟರೆ ಬೆಳಿಗ್ಗೆಗೆ ತೇವ ಒಳಗೆಲ್ಲ ಹರಡಿರುತ್ತದೆ. ಎಷ್ಟು ನೀರು ಎಂಬುದಕ್ಕೆ ಮುಷ್ಟಿಯೇ ಅಳತೆ. ಒಂದು ಹಿಡಿ ಗರಸನ್ನು ಬಿಗಿಯಾಗಿ ಹಿಸುಕಿ ಕೈ ಬಿಡಿಸಿ. ಉಂಡೆ ನಿಲ್ಲಬೇಕು, ಅಂಗೈ ತೇವವೆನಿಸಬೇಕು, ನೀರು ಜಿನುಗಬಾರದು. ಆ ಉಂಡೆಯನ್ನು ಸೊಂಟದೆತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ. ಎರಡು ಮೂರು ಚೂರಾದರೆ ಸರಿ. ಪುಡಿಪುಡಿಯಾದರೆ ನೀರು ಸಾಲದು. ರೊಟ್ಟಿ ತಟ್ಟಿದಂತೆ ಚಪ್ಪಟೆಯಾದರೆ ಹೆಚ್ಚಾಗಿದೆ, ಹರಡಿ ಬಿಸಿಲಿಗೆ ಬಿಡಿ. ಬೇಸಿಗೆಯಲ್ಲಿ ನಮ್ಮ ಬಿಸಿಲಿಗೆ ಹರಡಿದ ಗರಸು ಊಟದ ಬಿಡುವಿನಲ್ಲಿಯೇ ಒಣಗಿಬಿಡುತ್ತದೆ, ಹಾಗಾಗಿ ಹರಡಿದ್ದನ್ನು ಬಡಿಯದೆ ಬಿಟ್ಟು ಊಟಕ್ಕೆ ಹೋಗಬೇಡಿ.

ಬಡಿಯುವುದನ್ನು ಅಂಚಿನಿಂದ ಆರಂಭಿಸಿ ನಡುವಿಗೆ ಬನ್ನಿ. ಯಂತ್ರದ ಒಂದು ಸಾಲು ಹಿಂದಿನ ಸಾಲಿನ ಮೂರನೆಯ ಒಂದು ಭಾಗವನ್ನು ಮುಚ್ಚಬೇಕು. ಉದ್ದಕ್ಕೆ ಎರಡು ಸಲ, ಅಡ್ಡಕ್ಕೆ ಎರಡು ಸಲ ಹಾಯಿಸಿದ ಮೇಲೆ ಕಿವಿಗೊಟ್ಟು ಕೇಳಿ. ಸಡಿಲ ಮಣ್ಣಿನ ಮೇಲೆ ಯಂತ್ರದ ಸದ್ದು ಮಂದವಾಗಿರುತ್ತದೆ, ಗಟ್ಟಿಯಾಗುತ್ತಾ ಬಂದಂತೆ ಸದ್ದು ಚುರುಕಾಗುತ್ತದೆ, ಯಂತ್ರ ಕೈಗೆ ಪುಟಿಯತೊಡಗುತ್ತದೆ. ಇನ್ನೊಂದು ಸಲ ಹಾಯಿಸಿದರೂ ಗೆರೆಯಿಂದ ಕೆಳಗಿಳಿಯದಿದ್ದರೆ ಆ ಪದರ ಮುಗಿಯಿತು.

ಗೋಡೆಯ ಬುಡದ ಒಂದು ಅಡಿ ಮತ್ತು ನಾಲ್ಕು ಮೂಲೆಗಳಿಗೆ ಯಂತ್ರ ತಲುಪುವುದಿಲ್ಲ. ಅವು ಕೈದಮ್ಮಸಿನ ಪಾಲು. ಆ ಜಾಗದಲ್ಲಿ ಮಾತ್ರ ಆರಿಂಚಿನ ಪದರವನ್ನು ಎರಡು ಮಾಡಿ ಹಾಕಿಸುವುದು ಬೇಸರದ ಕೆಲಸ. ಬೇಸರದ ಕೆಲಸವಾದ್ದರಿಂದಲೇ ಮೂಲೆಗಳು ಮೊದಲು ಕುಸಿಯುತ್ತವೆ.

ಒಂದು ಎಚ್ಚರಿಕೆ: ಬಡಿಯುವಾಗ ಕಾಲಡಿಯ ನೆಲ ತೊಟ್ಟಿಲಿನಂತೆ ತೂಗಿದರೆ, ಒಂದು ಕಡೆ ಒತ್ತಿದಾಗ ಇನ್ನೊಂದು ಕಡೆ ಎದ್ದರೆ, ಅಲ್ಲಿ ನೀರು ಹೆಚ್ಚಾಗಿದೆ. ಮತ್ತೆ ಬಡಿದರೆ ಇನ್ನೂ ಕೆಡುತ್ತದೆ. ಆ ಜಾಗವನ್ನು ಅಗೆದು ತೆಗೆದು ಒಣ ಗರಸು ಹಾಕಿ. ಮೇಲೆ ಒಣ ಗರಸು ಉದುರಿಸಿ ಮುಚ್ಚುವ ಉಪಾಯವನ್ನು ಒಪ್ಪಬೇಡಿ.

## ಹಂತ 5: ಗಟ್ಟಿಯಾಯಿತೇ ಎಂದು ನೋಡುವುದು

ದಿನನಿತ್ಯಕ್ಕೆ ಸರಳಿನ ಪರೀಕ್ಷೆ ಸಾಕು. 10 ಮಿಲಿಮೀಟರ್ ಸರಳಿನ ತುದಿಯನ್ನು ಚೂಪು ಮಾಡಿ, ಪ್ರತಿ ಪದರದಲ್ಲಿ ನಡುವೆ ಒಂದು ಕಡೆ, ಗೋಡೆಯ ಬುಡದಲ್ಲಿ ಎರಡು ಕಡೆ, ಮೂಲೆಯಲ್ಲಿ ಒಂದು ಕಡೆ ಮೈಭಾರ ಹಾಕಿ ಒತ್ತಿ. ಒಂದು ಇಂಚಿನ ಆಸುಪಾಸಿಗೆ ನಿಂತರೆ ಮುಂದುವರಿಯಿರಿ. ಸರಾಗವಾಗಿ ಇಳಿದರೆ ಆ ಪದರ ಮತ್ತೆ. ಮೇಲ್ಮೈ ಒಣಗಿ ಕೆನೆಗಟ್ಟಿದ ಮೇಲೆ ಈ ಪರೀಕ್ಷೆ ಸುಳ್ಳು ಹೇಳುತ್ತದೆ, ಬಡಿದ ಕೂಡಲೇ ಮಾಡಬೇಕು.

ದೊಡ್ಡ ಮನೆ, ಎತ್ತರದ ತುಂಬು ಆಗಿದ್ದರೆ ತೂಕದ ಪರೀಕ್ಷೆಯೂ ಆಗಲಿ. ಅದಕ್ಕೆ ಮೊದಲು ನಿಮ್ಮ ಗರಸಿನ ಒಂದು ಚೀಲವನ್ನು ಮಣ್ಣು ಪರೀಕ್ಷಾಲಯಕ್ಕೆ ಕೊಟ್ಟು, ಅದು ಅತಿ ಹೆಚ್ಚೆಂದರೆ ಎಷ್ಟು ಗಟ್ಟಿಯಾಗಬಲ್ಲದು ಎಂದು ತಿಳಿದುಕೊಳ್ಳಿ. ಇದಕ್ಕೆ ಪ್ರಾಕ್ಟರ್ ಪರೀಕ್ಷೆ ಎನ್ನುತ್ತಾರೆ. ಒಂದು ಗರಸಿಗೆ ಲೀಟರಿಗೆ 1.92 ಕಿಲೋ ಒಣ ತೂಕ ಬಂತೆನ್ನಿ. ಈಗ ಸ್ಥಳದಲ್ಲಿ, ಬಡಿದ ಪದರದಲ್ಲಿ, ಸಣ್ಣ ತಂಬಿಗೆಯಷ್ಟು ದೊಡ್ಡ ಕುಳಿ ತೋಡಿ. ಬಂದ ಮಣ್ಣನ್ನು ಒಂದು ಚೂರೂ ಬಿಡದೆ ತೂಗಿ: 3.15 ಕಿಲೋ. ಒಣಗಿದ ನಯವಾದ ಉಸುಕನ್ನು ಅಳತೆಯ ಪಾತ್ರೆಯಿಂದ ಒಂದೇ ಎತ್ತರದಿಂದ, ಒತ್ತದೆ ಅಲುಗಿಸದೆ ಕುಳಿಗೆ ಸುರಿದು ತುಂಬಿಸಿ: 1.55 ಲೀಟರ್ ಹಿಡಿಯಿತು. ಭಾಗಿಸಿದರೆ ಲೀಟರಿಗೆ 2.03 ಕಿಲೋ, ಇದು ತೇವ ಸಹಿತ ತೂಕ. ಅದೇ ಮಣ್ಣಿನ 200 ಗ್ರಾಂ ಅನ್ನು ಹಂಚಿನ ಮೇಲೆ ಪೂರ್ತಿ ಒಣಗಿಸಿ ತೂಗಿದರೆ 181 ಗ್ರಾಂ. ಹೋದ ನೀರು 19 ಗ್ರಾಂ, ಒಣ ಮಣ್ಣಿನ ನೂರಕ್ಕೆ ಹತ್ತೂವರೆ. 2.03ನ್ನು 1.105ರಿಂದ ಭಾಗಿಸಿದರೆ ಒಣ ತೂಕ 1.84. ಪರೀಕ್ಷಾಲಯದ 1.92ಕ್ಕೆ ಹೋಲಿಸಿದರೆ ನೂರಕ್ಕೆ 95ರ ಮೇಲೆ. ನೆಲದ ಕೆಳಗೆ 95 ಬಂದರೆ ಸಾಕು. 85, 88 ಬಂದರೆ ಆ ಪದರ ಮಾಸ್ತರರ ಕೋಣೆಯ ದಾರಿ ಹಿಡಿದಿದೆ.

ಮನೆಯ ತಕ್ಕಡಿಯಲ್ಲಿ ಮಾಡಿದ ಈ ಲೆಕ್ಕ ಅಂದಾಜಿನದ್ದು, ಕುಳಿಯಲ್ಲಿ ದೊಡ್ಡ ಹರಳು ಸಿಕ್ಕರೆ ಅಂಕಿ ಸುಮ್ಮನೆ ಹೆಚ್ಚು ತೋರಿಸುತ್ತದೆ. ಎರಡು ಮೂರು ಕಡೆ ಮಾಡಿ. ಜಗಳ ಕಾಗದಕ್ಕೆ ಹೋಗುವಂತಿದ್ದರೆ ಪರೀಕ್ಷಾಲಯದವರನ್ನೇ ಸ್ಥಳಕ್ಕೆ ಕರೆಸಿ.

## ಹಂತ 6: ಕೊಳವೆ, ಮೇಲ್ಮೈ, ಕಾಂಕ್ರೀಟು

ಬಚ್ಚಲು, ಶೌಚಾಲಯದ ಕೊಳವೆಗಳು ಎಲ್ಲಿ ಹಾಯುತ್ತವೆ ಎಂಬುದನ್ನು ತುಂಬುವ ಮೊದಲೇ ಗೊತ್ತುಮಾಡಿಕೊಳ್ಳಿ. ಎಲ್ಲ ಗಟ್ಟಿ ಮಾಡಿ ಮುಗಿಸಿದ ಮೇಲೆ ಪ್ಲಂಬರ್ ಬಂದು ಅಡ್ಡಾದಿಡ್ಡಿ ಅಗೆದು, ಕೊಳವೆ ಮಲಗಿಸಿ, ಕಾಲಿನಿಂದ ಮಣ್ಣು ತಳ್ಳಿ ಹೋಗುವುದು ನಾನು ಕಂಡ ಅತಿ ಸಾಮಾನ್ಯ ದೃಶ್ಯ. ಒಂದು ವರ್ಷದ ಮೇಲೆ ಟೈಲ್ಸ್ ಮೇಲೆ ಕೊಳವೆಯ ನಕ್ಷೆ ಮೂಡುತ್ತದೆ. ಅಗೆಯಲೇಬೇಕಾಗಿ ಬಂದರೆ ಕೊಳವೆಗೆ ನೀರು ತುಂಬಿಸಿ ಸೋರುವುದಿಲ್ಲ ಎಂದು ನೋಡಿ, ಅದರ ಎರಡೂ ಮಗ್ಗುಲಿಗೆ ನುಣ್ಣನೆಯ ಗರಸನ್ನು ಕೈಯಿಂದ ಗಿಡಿದು, ಮೇಲಕ್ಕೆ ಒಂದು ಅಡಿ ಬಂದ ಮೇಲಷ್ಟೇ ಯಂತ್ರ ಹಾಯಿಸಿ.

ಗೆದ್ದಲು ಔಷಧಿ ಹಾಕಿಸುವುದಿದ್ದರೆ ಕೊನೆಯ ಪದರ ಬಡಿದ ಮೇಲೆ, ಕಾಂಕ್ರೀಟಿಗೆ ಮೊದಲು. ಔಷಧಿ ಹಾಕಿದ ಮೇಲೆ ಅಗೆದರೆ ಅಲ್ಲಿ ಅದು ಹೋದಂತೆಯೇ. ಬಡಿದ ಮೇಲ್ಮೈಯನ್ನು ವಾರಗಟ್ಟಲೆ ಬಿಸಿಲಿಗೆ ಬಿರಿಯಲು ಬಿಡಬೇಡಿ. ಕಾಂಕ್ರೀಟು ಹಾಕುವ ದಿನ ತುಸು ನೀರು ಚಿಮುಕಿಸಿ, ಯಂತ್ರವನ್ನು ಒಮ್ಮೆ ಹಾಯಿಸಿ, ಆಮೇಲೆ ಹಾಕಿ.

## ಹಂತ 7: ಹೊರಗಿನ ಸುತ್ತು

ಒಳಗೆ ಗರಸು ತುಂಬಿದವರೂ ಹೊರಗಿನ ಗುಂಡಿಗೆ ಎರೆಯನ್ನೇ ತಳ್ಳುತ್ತಾರೆ. ಬೇಸಿಗೆಯಲ್ಲಿ ಆ ಎರೆ ಕುಗ್ಗಿ ಗೋಡೆಯಿಂದ ಬೇರ್ಪಡುತ್ತದೆ, ನಡುವೆ ಒಂದೆರಡು ಇಂಚಿನ ಬಾಯಿ ತೆರೆಯುತ್ತದೆ. ಮೊದಲ ದೊಡ್ಡ ಮಳೆಯ ನೀರು ಆ ಬಾಯಿಂದ ನೇರ ಪಾಯದ ಬುಡಕ್ಕೆ ಹೋಗುತ್ತದೆ. ಹೊರಗೂ ಜಿಗುಟಿರುವ ಗರಸನ್ನೇ ಪದರ ಪದರವಾಗಿ ಬಡಿಯಿಸಿ. ಮೇಲೆ ಗೋಡೆಯಿಂದ ಮೂರು ಅಡಿ ಅಗಲಕ್ಕೆ, ಅಡಿಗೆ ಅರ್ಧ ಇಂಚಿನಂತೆ ಹೊರಕ್ಕೆ ಇಳಿಜಾರು ಕೊಟ್ಟು ಫರಸಿಯನ್ನೋ ಕಾಂಕ್ರೀಟನ್ನೋ ಹಾಕಿ. ಚಾವಣಿಯ ನೀರಿಳಿಯುವ ಕೊಳವೆ ಈ ಸುತ್ತನ್ನು ದಾಟಿ ಬೀಳಲಿ. ಗೋಡೆಯ ಬುಡದಲ್ಲಿ ದಿನಾ ನೀರು ಕೇಳುವ ಗಿಡ ಬೇಡ.

## ಈಗಾಗಲೇ ಕುಸಿದಿದ್ದರೆ

ಮೊದಲು ಕುಸಿದಿದೆಯೋ ಉಬ್ಬಿದೆಯೋ ಎಂದು ನೋಡಿ. ಸ್ಕರ್ಟಿಂಗ್ ಕೆಳಗೆ ಸಂದಿ ಬಿಟ್ಟು ಅಂಚು ಇಳಿದಿದ್ದರೆ, ನಾಣ್ಯದಿಂದ ತಟ್ಟಿದಾಗ ಟೈಲ್ಸ್ ಡೊಳ್ಳೆಂದರೆ ಕುಸಿತ. ಕೋಣೆಯ ನಡು ಎದ್ದು, ಬಾಗಿಲು ನೆಲಕ್ಕೆ ಉಜ್ಜಿ, ಮಳೆಗಾಲದಲ್ಲಿ ಹೆಚ್ಚಾಗಿ ಬೇಸಿಗೆಯಲ್ಲಿ ಇಳಿದರೆ ಎರೆಯ ಉಬ್ಬು. ಉಬ್ಬಿಗೆ ಬಡಿಯುವುದು ಮದ್ದಲ್ಲ. ಗೋಡೆಯಲ್ಲಿಯೇ ಓರೆ ಬಿರುಕು ಬಿಟ್ಟಿದ್ದರೆ ನೆಲವನ್ನು ಮುಟ್ಟದೆ ಎಂಜಿನಿಯರರನ್ನು ಕರೆಯಿರಿ.

ಕುಸಿತವೇ ಆಗಿದ್ದರೆ ನೀರಿನ ಮೂಲವನ್ನು ಮೊದಲು ನಿಲ್ಲಿಸಿ. ಸೋರುವ ಕೊಳವೆ ಬಿಟ್ಟು ನೆಲ ಸರಿಮಾಡಿದರೆ ಖರ್ಚು ಎರಡು ಸಲ. ಇಳಿದ ಟೈಲ್ಸ್ ಮೇಲೆ ಇನ್ನೊಂದು ಟೈಲ್ಸ್ ಹಾಕಿ ಮಟ್ಟ ಮಾಡುವುದೂ ಹಾಗೆಯೇ, ಕೆಳಗಿನ ಖಾಲಿ ಜಾಗ ಅಲ್ಲಿಯೇ ಇರುತ್ತದೆ, ಮೇಲಿನ ಭಾರ ಹೆಚ್ಚುತ್ತದೆ.

ಮಾಸ್ತರರ ಕೋಣೆಯಲ್ಲಿ ನಾವು ಬಚ್ಚಲ ಕೊಳವೆಯ ಕೂಡುಜಾಗದ ಸೋರಿಕೆ ನಿಲ್ಲಿಸಿ, ನೆಲ ಪೂರ್ತಿ ಕಿತ್ತು, ಎರಡೂವರೆ ಅಡಿ ಮಣ್ಣನ್ನೂ ಗೋಡೆಯ ಬುಡದ ಸಂದಿಯನ್ನೂ ಹೊರತೆಗೆದೆವು. ಪಾಯದ ತಳಕ್ಕಿಂತ ಒಂದು ಗೇಣು ಮೇಲೆಯೇ ನಿಲ್ಲಿಸಿದೆವು, ಪಾಯದ ಕೆಳಗೆ ಅಗೆಯಬಾರದು. ಒಂದೇ ಸಲ ಸುತ್ತಲೂ ತೆರೆಯದೆ, ಒಂದೊಂದೇ ಗೋಡೆಯ ಬುಡ ತೆಗೆದು ತುಂಬಿ ಮುಂದಿನದಕ್ಕೆ ಹೋದೆವು. ಮಾಸ್ತರರು ಪ್ರತಿ ಟ್ರಾಲಿಯನ್ನು ತಾವೇ ಅಳೆದು ವಹಿಯಲ್ಲಿ ಬರೆದರು. ಸಂದಿಗೆ ಹೋದದ್ದನ್ನು ಬಿಟ್ಟು, ಮೊದಲ ಸಲ ಮೂರು ಟ್ರಾಲಿಗೆ ತುಂಬಿದ್ದ ಅದೇ ಕೋಣೆ ಈ ಸಲ ಮೂರು ಮುಕ್ಕಾಲು ಟ್ರಾಲಿ ಹಿಡಿಯಿತು.